ಮಾರಾಟದ ಜೊತೆ ಹೆಜ್ಜೆ ಹಾಕದ ಸಾಲು

ಬಿ.ಕಾಂ. ಪರೀಕ್ಷೆಯಲ್ಲೂ ಬರುತ್ತದೆ, ವೈಟ್‌ಫೀಲ್ಡ್ ಕಡೆಯ ಕಂಪನಿಗಳು ಅಕೌಂಟ್ಸ್ ಕೆಲಸಕ್ಕೆ ಹುಡುಗರನ್ನು ಆರಿಸುವಾಗಲೂ ಕೇಳುತ್ತವೆ. ಆರೇಳು ಸಾಲಿನ ಒಂದು ಲಾಭ–ನಷ್ಟ ತಃಖ್ತೆ, ಎರಡು ಮೂರು ವರ್ಷದ ಅಂಕಿ, ಕೆಳಗೆ ಒಂದೇ ಒಂದು ಪ್ರಶ್ನೆ: ‘ಇದರಲ್ಲಿ ಅಸಹಜವಾದ ಏರಿಳಿತ ಯಾವುದು? ಕಾರಣ ಏನಿರಬಹುದು?’ ಐದಾರು ಅಂಕದ ಪ್ರಶ್ನೆ, ಹತ್ತು ನಿಮಿಷದ ಕೆಲಸ. ಆದರೂ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಲೆಕ್ಕ ತಪ್ಪುವುದರಿಂದಲ್ಲ, ಶೇಕಡಾವಾರು ಎಲ್ಲರೂ ಸರಿಯಾಗಿಯೇ ಹಾಕುತ್ತಾರೆ. ಹಾಕಿದ ಶೇಕಡಾವಾರನ್ನು ಓದುವಾಗ ಒಂದು ಸಾಲನ್ನು ಇನ್ನೊಂದರಿಂದ ಬಿಡಿಸಿ ನೋಡುತ್ತಾರೆ, ಅಲ್ಲಿ ತಪ್ಪುತ್ತದೆ.

ಕಾಲ್ಪನಿಕ ‘ಎಬಿಸಿ ಲಿಮಿಟೆಡ್’ ಬದಲು ನಮ್ಮ ಎಲೆಕ್ಟ್ರಾನಿಕ್ ಸಿಟಿಯದೇ ಒಂದು ತಃಖ್ತೆಯನ್ನು ಇಟ್ಟುಕೊಂಡು ನೋಡೋಣ. ಇನ್ಫೊಸಿಸ್‌ನ ಮೂರು ವರ್ಷದ ಸಮಗ್ರ ಲೆಕ್ಕ ಇದು. ಎಲ್ಲ ಅಂಕಿ ಕೋಟಿ ರೂಪಾಯಿಗಳಲ್ಲಿ. ಎಲ್ಲ ಸಾಲುಗಳನ್ನೂ ಕೊಟ್ಟಿಲ್ಲ, ಪ್ರಶ್ನೆಗೆ ಬೇಕಾದಷ್ಟನ್ನು ಆರಿಸಿದ್ದೇನೆ.

| | 2019-20 | 2020-21 | 2021-22 |
|---|---|---|---|
| ಕಾರ್ಯಾಚರಣೆಯ ಆದಾಯ | 90,791 | 1,00,472 | 1,21,641 |
| ನೌಕರರ ವೆಚ್ಚ | 50,887 | 55,541 | 63,986 |
| ಸಬ್ ಕಾಂಟ್ರ್ಯಾಕ್ಟ್ ತಂತ್ರಜ್ಞರ ವೆಚ್ಚ | 6,714 | 7,084 | 12,606 |
| ಪ್ರಯಾಣ ವೆಚ್ಚ | 2,710 | 554 | 827 |
| ಸಾಫ್ಟ್‌ವೇರ್ ಪ್ಯಾಕೇಜ್ ಮತ್ತಿತರ ಖರೀದಿ | 2,703 | 4,223 | 6,811 |
| ತೆರಿಗೆ ಕಳೆದ ಲಾಭ | 16,639 | 19,423 | 22,146 |

ಮೊದಲ ನೋಟಕ್ಕೆ ಕಣ್ಣು ಹೋಗುವುದು ದೊಡ್ಡ ಅಂಕಿಯ ಕಡೆಗೆ. ನೌಕರರ ವೆಚ್ಚ ಎರಡು ವರ್ಷದಲ್ಲಿ 13 ಸಾವಿರ ಕೋಟಿ ಏರಿದೆ, ಇದೇ ಅಸಹಜ ಎಂದು ಬರೆದವರಿದ್ದಾರೆ. ಆದರೆ ಕಂಪನಿ ಬೆಳೆದರೆ ಸಂಬಳದ ಮೊತ್ತವೂ ಬೆಳೆಯಲೇಬೇಕು. ಅದು ಮಾರಾಟಕ್ಕಿಂತ ಬೇಗ ಬೆಳೆಯಿತೇ, ನಿಧಾನವಾಗಿ ಬೆಳೆಯಿತೇ, ತಿರುಗಿ ಬೇರೆ ದಾರಿ ಹಿಡಿಯಿತೇ ಎನ್ನುವುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಎರಡು ಲೆಕ್ಕ ಬೇಕು. ಒಂದು, ಆಯಾ ವರ್ಷದ ಆದಾಯವನ್ನು ನೂರು ಎಂದು ಹಿಡಿದು ಪ್ರತಿ ಸಾಲು ಅದರಲ್ಲಿ ಎಷ್ಟು ಪಾಲು ಎಂದು ನೋಡುವುದು. ಇದು ಕಾಮನ್ ಸೈಜ್. ಇನ್ನೊಂದು, ಮೊದಲ ವರ್ಷದ ಪ್ರತಿ ಸಾಲನ್ನೂ ನೂರು ಎಂದು ಹಿಡಿದು ಮುಂದಿನ ವರ್ಷಗಳಲ್ಲಿ ಅದು ಎಷ್ಟಾಯಿತು ಎಂದು ನೋಡುವುದು, ಇದು ಟ್ರೆಂಡ್. ಮೊದಲನೆಯದನ್ನು ಕಾಲಂನಲ್ಲಿ ಮೇಲಿಂದ ಕೆಳಕ್ಕೆ ಓದುತ್ತೇವೆ, ಎರಡನೆಯದನ್ನು ಎಡದಿಂದ ಬಲಕ್ಕೆ.

ಪರೀಕ್ಷೆಯಲ್ಲಿ ಸಮಯ ಕಡಿಮೆ ಇದ್ದಾಗ ಮೊದಲು ಟ್ರೆಂಡ್ ಹಾಕುವುದು ಒಳ್ಳೆಯದು ಎನ್ನುವುದು ನನ್ನ ಅನುಭವ. 2019-20 ಅನ್ನು ನೂರು ಎಂದು ಹಿಡಿದರೆ 2021-22ರಲ್ಲಿ ಆದಾಯ 134 ಆಗುತ್ತದೆ. ಈ 134 ಅಳತೆಗೋಲು. ಇದರ ಆಸುಪಾಸು ಇರುವ ಸಾಲುಗಳನ್ನು ಬದಿಗಿಡಿ. ನೌಕರರ ವೆಚ್ಚ 126, ಲಾಭ 133. ಎರಡೂ ಅಳತೆಗೋಲಿನಿಂದ ತೀರಾ ದೂರ ಹೋಗಿಲ್ಲ. ಉಳಿದ ಮೂರು ಮಾತ್ರ ದಾರಿ ಬಿಟ್ಟಿವೆ. ಸಬ್ ಕಾಂಟ್ರ್ಯಾಕ್ಟ್ 188, ಸಾಫ್ಟ್‌ವೇರ್ ಖರೀದಿ 252, ಪ್ರಯಾಣ 31. ಆರು ಸಾಲಿನಲ್ಲಿ ಗಮನ ಕೊಡಬೇಕಾದ ಮೂರು ಯಾವುವು ಎಂದು ಎರಡೇ ನಿಮಿಷದಲ್ಲಿ ಗೊತ್ತಾಯಿತು.

ಈಗ ಕಾಮನ್ ಸೈಜ್. ಈ ಮೂರು ಸಾಲಿನ ಪಾಲು ಎಷ್ಟು, ಅದು ಲಾಭವನ್ನು ಅಲುಗಾಡಿಸುವಷ್ಟು ದೊಡ್ಡದೇ ಎಂದು ಇದರಿಂದ ತಿಳಿಯಬೇಕು. ಆದಾಯದ ನೂರು ರೂಪಾಯಿಯಲ್ಲಿ ಸಬ್ ಕಾಂಟ್ರ್ಯಾಕ್ಟ್‌ಗೆ ಹೋದದ್ದು ಮೂರು ವರ್ಷದಲ್ಲಿ ಕ್ರಮವಾಗಿ 7.4, 7.1 ಮತ್ತು 10.4 ರೂಪಾಯಿ. ಪ್ರಯಾಣಕ್ಕೆ 3.0, 0.6, 0.7. ಸಾಫ್ಟ್‌ವೇರ್ ಖರೀದಿಗೆ 3.0, 4.2, 5.6. ಟ್ರೆಂಡ್, ಕಾಮನ್ ಸೈಜ್ ಎರಡನ್ನೂ ಕೂಡಿಸಿ ನೋಡುವುದು ಏಕೆಂದರೆ ಟ್ರೆಂಡ್ ಮಾತ್ರ ನೋಡಿದರೆ ಸಣ್ಣ ಸಾಲು ಕೂಡ ದೊಡ್ಡ ಸದ್ದು ಮಾಡುತ್ತದೆ. ಐದು ಕೋಟಿಯ ಒಂದು ಖರ್ಚು ಹದಿನೈದು ಕೋಟಿ ಆದರೆ ಟ್ರೆಂಡ್ 300 ಎಂದು ಕೂಗುತ್ತದೆ, ಲಕ್ಷ ಕೋಟಿ ಆದಾಯದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಪಾಲು ಮಾತ್ರ ನೋಡಿದರೆ ಕಂಪನಿ ಬೆಳೆದದ್ದೇ ಕಾಣಿಸುವುದಿಲ್ಲ.

ಮೂರರಲ್ಲಿ ಸುಲಭದ್ದು ಪ್ರಯಾಣ. 2020ರ ಮಾರ್ಚ್ 25ರಿಂದ ದೇಶ ಲಾಕ್‌ಡೌನ್ ಆಯಿತು, ವಿಮಾನ ನಿಂತವು, ಗ್ರಾಹಕರ ಕಚೇರಿಗೆ ಎಂಜಿನಿಯರನ್ನು ಕಳಿಸುವುದು ನಿಂತಿತು. 2020-21ರ ಲೆಕ್ಕ ಶುರುವಾಗುವುದೇ ಅದರ ಮರುವಾರ. 2,710 ಕೋಟಿ 554ಕ್ಕೆ ಇಳಿಯಲು ಬೇರೆ ವಿವರಣೆ ಬೇಕಾಗಿಲ್ಲ. ಆದರೆ ಇಲ್ಲಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ವರ್ಷ ಇನ್ಫೊಸಿಸ್‌ನ ಕಾರ್ಯಾಚರಣೆಯ ಲಾಭ ಆದಾಯದ ಶೇ 21.3ರಿಂದ ಶೇ 24.5ಕ್ಕೆ ಏರಿತು. ಅಂದರೆ ನೂರಕ್ಕೆ 3.2 ರೂಪಾಯಿಯ ಏರಿಕೆ. ಪ್ರಯಾಣದ ಸಾಲೊಂದರಲ್ಲಿಯೇ ಉಳಿದದ್ದು 2.4 ರೂಪಾಯಿ. ಬೇರೆ ಸಾಲುಗಳು ಕೆಲವು ಮೇಲೆ, ಕೆಲವು ಕೆಳಗೆ ಹೋಗಿವೆ, ಹಾಗಾಗಿ ಏರಿಕೆಯ ಮುಕ್ಕಾಲು ಪ್ರಯಾಣದ್ದೇ ಎಂದು ಕಡ್ಡಿ ಮುರಿದಂತೆ ಹೇಳಲಾಗದು. ಆದರೂ ಆ ವರ್ಷದ ಒಳ್ಳೆಯ ಲಾಭವನ್ನು ಕಂಪನಿಯ ಹೊಸ ಸಾಮರ್ಥ್ಯ ಎಂದು ಬರೆಯುವ ಮೊದಲು ಈ 2.4 ಅನ್ನು ನೆನಪಿಡಬೇಕು. ವಿಮಾನ ಮತ್ತೆ ಹಾರಿದ ಮೇಲೆ ಅದರಲ್ಲಿ ಒಂದು ಪಾಲು ವಾಪಸ್ ಹೋಗುವಂಥದ್ದು. ಹೋಯಿತು ಕೂಡ: 2023-24ರ ಹೊತ್ತಿಗೆ ಪ್ರಯಾಣ ವೆಚ್ಚ 1,759 ಕೋಟಿ, ಆದಾಯದ ಶೇ 1.1. ಹಳೆಯ ಶೇ 3ಕ್ಕೆ ಮಾತ್ರ ಅದು ಮರಳಲಿಲ್ಲ.

ಇದೇ ಸಾಲಿನಲ್ಲಿ ಪ್ರಶ್ನೆ ಹಾಕುವವರು ಒಂದು ಬಲೆ ಬೀಸಬಹುದು. ತಃಖ್ತೆಯಲ್ಲಿ 2019-20 ಅನ್ನು ಬಿಟ್ಟು 2020-21ರಿಂದ ಶುರು ಮಾಡಿದರೆ? ಆಗ ಆಧಾರ ವರ್ಷದ ಪ್ರಯಾಣ ವೆಚ್ಚ 554. ಅದನ್ನು ನೂರು ಎಂದು ಹಿಡಿದರೆ ಮುಂದಿನ ಮೂರು ವರ್ಷ 149, 275, 318. ಪ್ರಯಾಣ ಖರ್ಚು ಮೂರು ಪಟ್ಟಿಗಿಂತ ಹೆಚ್ಚಾಗಿದೆ, ಕಂಪನಿ ದುಂದು ಮಾಡುತ್ತಿದೆ ಎಂದು ಬರೆಯಲು ಕೈ ತುರಿಸುತ್ತದೆ. 2019-20 ಆಧಾರವಾದರೆ ಅದೇ 1,759 ಕೋಟಿ ಬರೀ 65. ಅಂಕಿ ಒಂದೇ, ವರ್ಷವೂ ಒಂದೇ, ತೀರ್ಪು ಮಾತ್ರ ತಲೆಕೆಳಗು. ಕೋವಿಡ್ ವರ್ಷವನ್ನು ಆಧಾರವಾಗಿ ಇಟ್ಟ ಯಾವ ಟ್ರೆಂಡನ್ನೂ ಹಾಗೇ ನಂಬಬಾರದು. ಆಧಾರ ವರ್ಷ ಬದಲಿಸುವ ಅವಕಾಶ ಪರೀಕ್ಷೆಯಲ್ಲಿ ಇರುವುದಿಲ್ಲ, ನಿಜ. ಆದರೆ ‘ಆಧಾರ ವರ್ಷ ಅಸಾಮಾನ್ಯವಾಗಿ ಕಡಿಮೆ ಇದ್ದುದರಿಂದ ಏರಿಕೆ ಹಿಗ್ಗಿ ಕಾಣುತ್ತಿದೆ’ ಎಂದು ಒಂದು ವಾಕ್ಯ ಬರೆಯಲು ಯಾರ ಅಪ್ಪಣೆಯೂ ಬೇಡ.

ಎರಡನೆಯದು ಸಬ್ ಕಾಂಟ್ರ್ಯಾಕ್ಟ್. ನಿಜವಾದ ಕೆಲಸ ಇರುವುದು ಇಲ್ಲಿ. 2021-22ರಲ್ಲಿ ಒಂದೇ ವರ್ಷಕ್ಕೆ 7,084 ಕೋಟಿ 12,606 ಆಯಿತು, ಶೇ 78ರ ಏರಿಕೆ. ಆದಾಯ ಏರಿದ್ದು ಶೇ 21. ಅದೇ ವರ್ಷ ನೌಕರರ ವೆಚ್ಚದ ಪಾಲು ಶೇ 55.3ರಿಂದ ಶೇ 52.6ಕ್ಕೆ ಇಳಿಯಿತು. ಬಿಡಿಬಿಡಿಯಾಗಿ ಓದಿದವರು ಎರಡು ಉತ್ತರ ಬರೆಯುತ್ತಾರೆ: ‘ಕಂಪನಿ ಸಂಬಳದ ಖರ್ಚನ್ನು ಚೆನ್ನಾಗಿ ಹಿಡಿತದಲ್ಲಿಟ್ಟಿದೆ’ ಎಂದು ಒಂದು, ‘ಹೊರಗಿನವರ ಖರ್ಚು ಕೈಮೀರಿದೆ’ ಎಂದು ಇನ್ನೊಂದು. ಎರಡೂ ಅರ್ಧ ಸತ್ಯ. ಎರಡು ಸಾಲನ್ನೂ ಕೂಡಿಸಿ ನೋಡಿ. 2020-21ರಲ್ಲಿ ನೌಕರರು ಮತ್ತು ಸಬ್ ಕಾಂಟ್ರ್ಯಾಕ್ಟ್ ಸೇರಿ ಆದಾಯದ ಶೇ 62.3. 2021-22ರಲ್ಲಿ ಶೇ 63.0. ಅದಕ್ಕೂ ಹಿಂದಿನ ವರ್ಷ ಶೇ 63.4. ಮನುಷ್ಯರ ದುಡಿಮೆಗೆ ಕೊಡುವ ಒಟ್ಟು ಪಾಲು ಹೆಚ್ಚುಕಡಿಮೆ ಅಲ್ಲೇ ಇದೆ. ಕೆಲಸ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿದಿದೆ, ಅಷ್ಟೆ.

ಏಕೆ ಸರಿಯಿತು? ಆ ವರ್ಷ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತದೆ. ಸಾಫ್ಟ್‌ವೇರ್ ಎಂಜಿನಿಯರ್‌ಗಳು ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿದ ಕಾಲ ಅದು. ಇನ್ಫೊಸಿಸ್ ಪ್ರಕಟಿಸಿದ ಲೆಕ್ಕದ ಪ್ರಕಾರ ಹಿಂದಿನ 12 ತಿಂಗಳಲ್ಲಿ ತಾವಾಗಿಯೇ ಕೆಲಸ ಬಿಟ್ಟವರ ಪ್ರಮಾಣ 2021ರ ಮಾರ್ಚ್‌ನಲ್ಲಿ ಶೇ 10.9 ಇತ್ತು, 2022ರ ಮಾರ್ಚ್‌ನಲ್ಲಿ ಶೇ 27.7ಕ್ಕೆ ಮುಟ್ಟಿತು. ಒಪ್ಪಿಕೊಂಡ ಪ್ರಾಜೆಕ್ಟ್ ನಿಲ್ಲಿಸಲು ಆಗುವುದಿಲ್ಲ. ಹೊಸದಾಗಿ ಸೇರಿದ ಹುಡುಗ ತಯಾರಾಗುವವರೆಗೆ ಹೊರಗಿನ ಏಜೆನ್ಸಿಯಿಂದ ಪಳಗಿದ ಕೈಯನ್ನು ದುಬಾರಿ ದರಕ್ಕೆ ತಂದು ಕೂರಿಸಬೇಕು. ಅವರು ಕಂಪನಿಯ ನೌಕರರಲ್ಲ, ಅವರ ಬಿಲ್ಲು ಬೇರೆ ಸಾಲಿಗೆ ಹೋಗುತ್ತದೆ.

ಕಾರಣ ಇದೇ ಎಂದು ಪರೀಕ್ಷಿಸುವ ಒಂದು ದಾರಿಯೂ ಇದೆ. ಕಾರಣ ನಿಂತ ಮೇಲೆ ಏರಿಕೆಯೂ ಇಳಿಯಬೇಕಲ್ಲವೇ? ಕೆಲಸ ಬಿಡುವವರ ಪ್ರಮಾಣ 2023ರ ಮಾರ್ಚ್‌ಗೆ ಶೇ 20.9, 2024ರ ಮಾರ್ಚ್‌ಗೆ ಶೇ 12.6ಕ್ಕೆ ಬಂತು. ಸಬ್ ಕಾಂಟ್ರ್ಯಾಕ್ಟ್ ವೆಚ್ಚದ ಪಾಲು 2022-23ರಲ್ಲಿ ಶೇ 9.6, 2023-24ರಲ್ಲಿ ಶೇ 8.0. ಎರಡೂ ಜೊತೆಯಾಗಿ ಇಳಿದಿವೆ. ನೌಕರರ ವೆಚ್ಚದ ಪಾಲು ಅದೇ ಹೊತ್ತಿಗೆ ಶೇ 53.8ಕ್ಕೆ ಏರಿದೆ. ಹೋದ ದಾರಿಯಲ್ಲೇ ಕೆಲಸ ಒಂದಿಷ್ಟು ವಾಪಸ್ ಬಂದಿದೆ. ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ, ಆದರೆ ನಮ್ಮ ಊಹೆಗೆ ಒಳ್ಳೆಯ ಆಧಾರ.

ಎಡವುವ ಜಾಗ ಇಲ್ಲಿಯೂ ಒಂದಿದೆ. 2024ರ ಮಾರ್ಚ್ ಕೊನೆಗೆ ಇನ್ಫೊಸಿಸ್‌ನಲ್ಲಿ 3,17,240 ನೌಕರರಿದ್ದರು. ಒಂದು ವರ್ಷ ಹಿಂದೆ 3,43,234. ಸುಮಾರು 26 ಸಾವಿರ ಮಂದಿ ಕಡಿಮೆ. ನೌಕರರ ವೆಚ್ಚ ಮಾತ್ರ 78,359 ಕೋಟಿಯಿಂದ 82,620 ಕೋಟಿಗೆ, ಅಂದರೆ ಶೇ 5ರಷ್ಟು ಏರಿದೆ. ಇದನ್ನು ‘ಅಸಹಜ’ ಎಂದು ಗುರುತಿಸುವುದು ಸರಿ. ಆದರೆ ಕಾರಣ ಬರೆಯುವ ಮೊದಲು ಒಂದು ಮಾತು ಗಮನಿಸಬೇಕು. ನೌಕರರ ಸಂಖ್ಯೆ ಒಂದು ದಿನದ್ದು, ವೆಚ್ಚ ಇಡೀ ವರ್ಷದ್ದು. ವರ್ಷದ ಮಧ್ಯೆ ಬಿಟ್ಟವರ ಸಂಬಳವೂ ಅದರಲ್ಲಿದೆ, ಉಳಿದವರ ಸಂಬಳ ಏರಿಕೆಯೂ ಇದೆ, ಬೋನಸ್ಸೂ ಇದೆ. ದಿನದ ಅಂಕಿಯನ್ನು ವರ್ಷದ ಅಂಕಿಯ ಪಕ್ಕ ನಿಲ್ಲಿಸಿದರೆ ಹೋಲಿಕೆ ಸ್ವಲ್ಪ ವಾಲುವುದು ಸಹಜ.

ಮೂರನೆಯ ಸಾಲು ನನಗೆ ಎಲ್ಲಕ್ಕಿಂತ ಕುತೂಹಲದ್ದು, ವಿದ್ಯಾರ್ಥಿಗಳು ಎಲ್ಲಕ್ಕಿಂತ ಕಡಿಮೆ ಗಮನ ಕೊಡುವುದೂ ಇದಕ್ಕೇ. ಸಾಫ್ಟ್‌ವೇರ್ ಪ್ಯಾಕೇಜ್ ಮತ್ತಿತರ ಖರೀದಿ 2019-20ರಲ್ಲಿ 2,703 ಕೋಟಿ ಇದ್ದದ್ದು ಮುಂದೆ 4,223, 6,811, 10,902 ಎಂದು ಏರುತ್ತಾ 2023-24ರಲ್ಲಿ 13,515 ಕೋಟಿ ಆಯಿತು. ಟ್ರೆಂಡ್ ಸರಿಯಾಗಿ 500. ಪಾಲು ಶೇ 3.0ರಿಂದ ಶೇ 8.8. ಪ್ರಯಾಣದಂತೆ ಒಮ್ಮೆ ಬಿದ್ದು ಎದ್ದದ್ದಲ್ಲ, ಸಬ್ ಕಾಂಟ್ರ್ಯಾಕ್ಟ್‌ನಂತೆ ಏರಿ ಇಳಿದದ್ದೂ ಅಲ್ಲ. ವರ್ಷ ವರ್ಷವೂ ಒಂದೇ ದಿಕ್ಕಿನಲ್ಲಿ ನಡೆದಿದೆ. ಹೀಗೆ ಬಿಡದೆ ನಡೆಯುವ ಸಾಲು ಕಂಡರೆ ಒಂದು ವರ್ಷದ ಘಟನೆಯನ್ನು ಕಾರಣವಾಗಿ ಹೇಳಬಾರದು. ವ್ಯವಹಾರದ ಬಗೆಯೇ ಬದಲಾಗುತ್ತಿದೆಯೇ ಎಂದು ಕೇಳಬೇಕು.

ಲೆಕ್ಕದ ಟಿಪ್ಪಣಿ ತೆರೆದರೆ ಉತ್ತರ ಸಿಗುತ್ತದೆ. ಈ ಖರೀದಿಯ ಬಹುಪಾಲು ಕಂಪನಿಯ ಸ್ವಂತ ಬಳಕೆಗಲ್ಲ, ಗ್ರಾಹಕರಿಗೆ ಸೇವೆ ಕೊಡಲು ಬೇರೆಯವರಿಂದ ಕೊಂಡ ವಸ್ತುಗಳು. ದೊಡ್ಡ ಒಪ್ಪಂದಗಳಲ್ಲಿ ಗ್ರಾಹಕ ‘ಎಂಜಿನಿಯರ್‌ಗಳ ಜೊತೆ ಲೈಸೆನ್ಸ್, ಯಂತ್ರ ಎಲ್ಲವನ್ನೂ ನೀವೇ ತಂದು ಒಟ್ಟು ಬಿಲ್ಲು ಮಾಡಿ’ ಎನ್ನುತ್ತಾನೆ. ಹಾಗೆ ತಂದದ್ದು ಗ್ರಾಹಕನ ಕೈಸೇರುವ ಮೊದಲು ಕಂಪನಿಯ ಹಿಡಿತದಲ್ಲಿದ್ದರೆ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮದಂತೆ ಪೂರ್ತಿ ಬೆಲೆ ಆದಾಯದಲ್ಲಿ ಬರುತ್ತದೆ, ಕೊಂಡ ಬೆಲೆ ಖರ್ಚಿನಲ್ಲಿ ಬರುತ್ತದೆ. ಬರೀ ಮಧ್ಯವರ್ತಿಯಾಗಿದ್ದರೆ ಕಮಿಷನ್ ಮಾತ್ರ ಆದಾಯ. ಅಂದರೆ ಈ ಸಾಲು ಹಿಗ್ಗುವಾಗ ಆದಾಯವೂ ಜೊತೆಗೆ ಹಿಗ್ಗುತ್ತದೆ. ಕಾಮನ್ ಸೈಜ್‌ನಲ್ಲಿ ನಾವು ನೂರು ಎಂದು ನಂಬಿಕೊಂಡ ಆ ಆದಾಯವೇ ಹಿಗ್ಗಿದರೆ ಉಳಿದೆಲ್ಲ ಸಾಲುಗಳ ಪಾಲು ತಾನಾಗಿ ಕುಗ್ಗುತ್ತದೆ, ಲಾಭದ ಪಾಲು ಕೂಡ.

ಒಂದು ಒರಟು ಲೆಕ್ಕ ಮಾಡಿ ನೋಡೋಣ. 2019-20ರಲ್ಲಿ ಕಾರ್ಯಾಚರಣೆಯ ಲಾಭ ಆದಾಯದ ಶೇ 21.3, 2023-24ರಲ್ಲಿ ಶೇ 20.7. ಇಳಿದಿದೆ, ಸರಿ. ಈಗ ಎರಡೂ ವರ್ಷದ ಆದಾಯದಿಂದ ಈ ಖರೀದಿಯ ಮೊತ್ತವನ್ನು ಕಳೆದು ಉಳಿದದ್ದನ್ನು ನೂರು ಎಂದು ಹಿಡಿಯಿರಿ. ಆಗ ಬರುವುದು ಶೇ 22.0 ಮತ್ತು ಶೇ 22.7. ಇಳಿದಿದ್ದ ಲಾಭ ಏರಿಬಿಟ್ಟಿತು! ಈ ಲೆಕ್ಕದಲ್ಲಿ ಎರಡು ಕೊರತೆಗಳಿವೆ. ಖರೀದಿಯಲ್ಲಿ ಒಂದು ಭಾಗ ಸ್ವಂತ ಬಳಕೆಯದು, ಅದನ್ನು ಕಳೆಯಬಾರದಿತ್ತು. ಗ್ರಾಹಕನಿಗೆ ದಾಟಿಸಿದ ವಸ್ತುವಿನ ಮೇಲೆ ಲಾಭವೇ ಇಲ್ಲ ಎಂದೂ ನಾನು ಹಿಡಿದಿದ್ದೇನೆ. ಹಾಗಾಗಿ ಲಾಭದಾಯಕತೆ ನಿಜಕ್ಕೂ ಏರಿತು ಎನ್ನುವುದಕ್ಕೆ ಇದು ಪುರಾವೆಯಲ್ಲ. ಆದರೆ ‘ಲಾಭದ ಪಾಲು ಇಳಿದಿದೆ, ಆದ್ದರಿಂದ ಕಂಪನಿಯ ಕೆಲಸ ಸೊರಗಿದೆ’ ಎಂಬ ಉತ್ತರವನ್ನು ಪ್ರಶ್ನಿಸಲು ಇಷ್ಟು ಸಾಕು.

ಇದು ಐಟಿಯವರ ದೊಡ್ಡ ಲೆಕ್ಕದ ಮಾತಷ್ಟೇ ಅಲ್ಲ. ಇದೇ ಸಂಗತಿ ಪೀಣ್ಯದ ಶೆಡ್ಡುಗಳಲ್ಲಿ ತಿರುವುಮುರುವಾಗಿ ಕಾಣುತ್ತದೆ. ಅಲ್ಲಿ ಎಷ್ಟೋ ಮೆಷಿನ್ ಶಾಪ್‌ಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ತಾವೇ ಉಕ್ಕು ಕೊಂಡು ಬಿಡಿಭಾಗ ಮಾಡಿ ಮಾರುವುದು ಒಂದು, ಗ್ರಾಹಕ ಕಳಿಸಿದ ಉಕ್ಕನ್ನು ಕಡೆದು, ಕೊರೆದು ಕೂಲಿ ಮಾತ್ರ ತೆಗೆದುಕೊಳ್ಳುವುದು ಇನ್ನೊಂದು; ಇದು ಜಾಬ್ ವರ್ಕ್. ಲೆಕ್ಕಕ್ಕೆಂದು ಒಂದು ಶಾಪ್ ಊಹಿಸಿಕೊಳ್ಳಿ. ಮೊದಲ ವರ್ಷ ಮಾರಾಟ 200 ಲಕ್ಷ, ಕಚ್ಚಾ ಮಾಲು 120, ಕೂಲಿ 30, ಇತರೆ 30, ಲಾಭ 20. ಮರುವರ್ಷ ಅರ್ಧ ಮಾಲನ್ನು ಗ್ರಾಹಕನೇ ಕಳಿಸತೊಡಗಿದ. ಮಾರಾಟ 140, ಮಾಲು 60, ಕೂಲಿ 30, ಇತರೆ 30, ಲಾಭ ಅದೇ 20. ಅದೇ ಯಂತ್ರ, ಅದೇ ಕೆಲಸಗಾರರು, ಅಷ್ಟೇ ಬಿಡಿಭಾಗಗಳು. ಆದರೆ ಕಾಮನ್ ಸೈಜ್ ಹಾಕಿ ನೋಡಿ: ಕೂಲಿಯ ಪಾಲು ಶೇ 15ರಿಂದ ಶೇ 21.4ಕ್ಕೆ ಜಿಗಿದಿದೆ, ಲಾಭ ಶೇ 10ರಿಂದ ಶೇ 14.3ಕ್ಕೆ. ಕೂಲಿ ಕೈಮೀರಿದೆ ಎಂದು ಒಬ್ಬ ಬರೆಯುತ್ತಾನೆ, ದಕ್ಷತೆ ಹೆಚ್ಚಿದೆ ಎಂದು ಇನ್ನೊಬ್ಬ. ಟ್ರೆಂಡ್ ಹಾಕಿದವನಿಗೆ ಮಾತ್ರ ಗೊತ್ತಾಗುತ್ತದೆ, ಕೂಲಿ 100, ಲಾಭ 100, ಬದಲಾದದ್ದು ಮಾರಾಟ 70 ಮತ್ತು ಮಾಲು 50. ಉಳಿದೆಲ್ಲ ಸಾಲುಗಳ ಪಾಲು ಒಟ್ಟಿಗೆ ಒಂದೇ ದಿಕ್ಕಿಗೆ ಹಾರಿ, ಒಂದು ಸಾಲು ಮಾತ್ರ ಎದುರು ದಿಕ್ಕಿಗೆ ಬಿದ್ದಿದ್ದರೆ ಅನುಮಾನ ಪಡಬೇಕಾದ್ದು ಆ ಒಂದು ಸಾಲು ಮತ್ತು ಮಾರಾಟದ ಮೇಲೆ.

ಇನ್ನು ಕೊನೆಯದಾಗಿ ಲಾಭದ ಸಾಲು. ಖರ್ಚುಗಳನ್ನೆಲ್ಲ ಜಾಲಾಡಿ ಲಾಭವನ್ನು ಮಾತ್ರ ಹಾಗೇ ಒಪ್ಪಿಕೊಳ್ಳುವುದು ಹಲವರ ಅಭ್ಯಾಸ. ಇನ್ಫೊಸಿಸ್‌ನ ತೆರಿಗೆಗೆ ಮುಂಚಿನ ಲಾಭ 2022-23ರಲ್ಲಿ 33,322 ಕೋಟಿ, 2023-24ರಲ್ಲಿ 35,988 ಕೋಟಿ. ಆದಾಯದ ಪಾಲಾಗಿ ಶೇ 22.7 ಇದ್ದದ್ದು ಶೇ 23.4. ಆದಾಯ 1,46,767ರಿಂದ 1,53,670 ಕೋಟಿಗೆ, ಬರೀ ಶೇ 5ರಷ್ಟು ಏರಿದ ನಿಧಾನದ ವರ್ಷದಲ್ಲಿ ಲಾಭ ಶೇ 8 ಏರಿದೆ. ಇದು ಹೇಗೆ? ಖರ್ಚಿನ ಸಾಲುಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಕಾರ್ಯಾಚರಣೆಯ ಲಾಭದ ಪಾಲು ಆ ವರ್ಷ ಶೇ 21.1ರಿಂದ ಶೇ 20.7ಕ್ಕೆ ಇಳಿದೇ ಇದೆ. ಮೇಲಿನ ಲಾಭ ಇಳಿದು ಕೆಳಗಿನ ಲಾಭ ಏರಿದರೆ ನಡುವೆ ಏನೋ ಬಂದಿದೆ ಎಂದೇ ಅರ್ಥ. ನಡುವೆ ಇರುವುದು ‘ಇತರ ಆದಾಯ’. ಅದು 2,701 ಕೋಟಿಯಿಂದ 4,711 ಕೋಟಿಗೆ ನೆಗೆದಿದೆ.

ಅದರ ಹಿಂದಿನ ಕಾರಣ ಕಂಪನಿಯ ಟಿಪ್ಪಣಿಯಲ್ಲೇ ಇದೆ. ಹಳೆಯ ವರ್ಷಗಳ ಆದಾಯ ತೆರಿಗೆ ತಕರಾರುಗಳು ಇತ್ಯರ್ಥವಾಗಿ, ವಾಪಸ್ ಬರಬೇಕಾದ ತೆರಿಗೆಯ ಮೇಲೆ ಸುಮಾರು 1,900 ಕೋಟಿ ರೂಪಾಯಿ ಬಡ್ಡಿಯನ್ನು 2024ರ ಜನವರಿ–ಮಾರ್ಚ್ ತ್ರೈಮಾಸಿಕದಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅದನ್ನು ಕಳೆದರೆ ತೆರಿಗೆಗೆ ಮುಂಚಿನ ಲಾಭದ ಏರಿಕೆ 2,666 ಕೋಟಿಯಿಂದ ಸುಮಾರು 770 ಕೋಟಿಗೆ ಇಳಿಯುತ್ತದೆ, ಪಾಲು ಶೇ 23.4ರ ಬದಲು ಶೇ 22.2 ಆಗುತ್ತದೆ. ಏರಿದಂತೆ ಕಂಡ ಲಾಭದ ಪಾಲು ನಿಜದಲ್ಲಿ ಅರ್ಧ ರೂಪಾಯಿ ಇಳಿದಿತ್ತು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ನ್ಯಾಯವಾಗಿ ಬಂದ ಹಣ, ನಿಯಮದ ಪ್ರಕಾರವೇ ತೋರಿಸಿದ್ದಾರೆ. ಆದರೆ ಮುಂದಿನ ವರ್ಷವೂ ಬರುವ ಹಣ ಅದಲ್ಲ. ಒಮ್ಮೆ ಬಂದು ಹೋಗುವ ಇಂಥ ಮೊತ್ತವನ್ನು ಬೇರೆ ಮಾಡದೆ ಹಾಕಿದ ಟ್ರೆಂಡ್, ಬರುವ ವರ್ಷ ‘ಲಾಭ ಕುಸಿತ’ ಎಂದು ಇನ್ನೊಂದು ಸುಳ್ಳು ಎಚ್ಚರಿಕೆ ಕೊಡುತ್ತದೆ.

ಉತ್ತರ ಬರೆಯುವ ರೀತಿಯ ಬಗ್ಗೆ ಎರಡು ಮಾತು. ಸಬ್ ಕಾಂಟ್ರ್ಯಾಕ್ಟ್ ಪಾಲು ಶೇ 7.1ರಿಂದ ಶೇ 10.4ಕ್ಕೆ ಹೋದಾಗ ‘ಶೇ 3.3 ಹೆಚ್ಚಾಗಿದೆ’ ಎಂದು ಬರೆಯುವುದು ತಪ್ಪು. ಹೆಚ್ಚಾದದ್ದು ಆದಾಯದ ನೂರು ರೂಪಾಯಿಯಲ್ಲಿ 3.3 ರೂಪಾಯಿ, ಮೊತ್ತ ಹೆಚ್ಚಾದದ್ದು ಶೇ 78. ಎರಡನ್ನೂ ಹೇಳಿ, ಯಾವುದು ಯಾವುದು ಎಂದು ಬಿಡಿಸಿ ಹೇಳಿ. ಇನ್ನೊಂದು, ಪ್ರಶ್ನೆಯಲ್ಲಿ ಕೊಡದ ಕಾರಣವನ್ನು ಖಚಿತವಾಗಿ ಹೇಳಬೇಡಿ. ‘ಸಬ್ ಕಾಂಟ್ರ್ಯಾಕ್ಟ್ ಪಾಲು ಏರಿ, ನೌಕರರ ಪಾಲು ಹತ್ತಿರ ಹತ್ತಿರ ಅಷ್ಟೇ ಇಳಿದಿದೆ, ಆದ್ದರಿಂದ ಕಾಯಂ ನೌಕರರ ಬದಲು ಹೊರಗಿನವರನ್ನು ಬಳಸಿರಬಹುದು. ನೌಕರರ ಸಂಖ್ಯೆ ಮತ್ತು ಕೆಲಸ ಬಿಟ್ಟವರ ಪ್ರಮಾಣ ನೋಡಿದರೆ ಖಚಿತವಾಗುತ್ತದೆ.’ ಪೂರ್ತಿ ಅಂಕ ಕೊಡಬಹುದಾದ ಉತ್ತರ ಇದು. ಸಾಲು ಯಾವುದು, ಎಷ್ಟು ಸರಿದಿದೆ, ಜೊತೆಗೆ ಯಾವ ಸಾಲು ಅಲುಗಾಡಿದೆ, ಖಚಿತ ಮಾಡಿಕೊಳ್ಳಲು ಏನು ಬೇಕು ಎಂಬುದೆಲ್ಲ ಅದರಲ್ಲಿದೆ. ಕಂಪನಿಗಳಲ್ಲಿ ಆಡಿಟ್‌ಗೆ ಬರುವವರೂ ಕೆಲಸ ಶುರು ಮಾಡುವುದು ಹೀಗೆಯೇ. ಮೊದಲು ದಾರಿ ಬಿಟ್ಟ ಸಾಲುಗಳನ್ನು ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಅವುಗಳ ವೋಚರ್ ಕೇಳುತ್ತಾರೆ.

ಮನೆಯಲ್ಲೇ ಅಭ್ಯಾಸ ಮಾಡಬೇಕೆನ್ನುವವರು ಗೈಡ್ ಪುಸ್ತಕದ ಲೆಕ್ಕಗಳನ್ನು ಸ್ವಲ್ಪ ದಿನ ಬದಿಗಿಡಿ. ಇನ್ಫೊಸಿಸ್‌ನ ವಾರ್ಷಿಕ ವರದಿಗಳು ಅದರ ಜಾಲತಾಣದಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತವೆ. 2024-25ರ ಆದಾಯ 1,62,990 ಕೋಟಿ ರೂಪಾಯಿ. ಇಲ್ಲಿ ಹೇಳಿದ ಸಾಲುಗಳ ಪಕ್ಕದಲ್ಲಿ ಆ ವರ್ಷದ ಕಾಲಂ ಒಂದನ್ನು ನೀವೇ ತುಂಬಿ, ಟಿಪ್ಪಣಿ ತೆರೆಯುವ ಮೊದಲೇ ‘ಇತರ ಆದಾಯ’ ಮತ್ತು ಸಾಫ್ಟ್‌ವೇರ್ ಖರೀದಿ ಯಾವ ದಿಕ್ಕಿಗೆ ಹೋಗಿರಬೇಕು ಎಂದು ಬರೆದಿಟ್ಟುಕೊಂಡು, ಆಮೇಲೆ ತಾಳೆ ನೋಡಿ.